ರೈಟರ್ ಬೋಜಪ್ಪನ ನೋಟೀಸು

ನಾಪೋಕ್ಲಿನ ಬೋಜಪ್ಪ ಸೀಲು ಒಡೆಯದ ಮೂಟೆಯನ್ನೂ ತೂಕಕ್ಕೆ ಹಾಕುವ ಮನುಷ್ಯ. ಬಸ್ಸಿನವನು ಚಿಲ್ಲರೆ ಸರಿಯಾಗಿ ಕೊಟ್ಟರೆ, ಇವತ್ತು ಯಾಕೆ ಸರಿಯಾಗಿ ಕೊಟ್ಟ ಎಂದು ಯೋಚಿಸುವವನು. ಅನುಮಾನ ಅವನ ಹುಟ್ಟುಗುಣವೇನಲ್ಲ. ಕಕ್ಕಬ್ಬೆ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರ್ ಆಗಿದ್ದ. ಹಾಜರಿ ಪುಸ್ತಕ ಹಿಡಿದು ಲೈನು ಮನೆಗಳ ಆಳುಗಳನ್ನು ಎಣಿಸುವವನಿಗೆ, ಬಂದೆ ಎಂದವರಲ್ಲಿ ಬಾರದವರು ಎಷ್ಟು ಎಂದು ಹುಡುಕುವುದೇ ಕೆಲಸ. ಆ ಕೆಲಸ ಹೋದರೂ ಅಭ್ಯಾಸ ಹೋಗಲಿಲ್ಲ.

ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ ಮೇಲೆ ಬೋಜಪ್ಪ ಪೇಟೆಯಲ್ಲಿ ಒಂದು ಅಂಗಡಿ ತೆರೆದ. ಗುದ್ದಲಿ, ಕತ್ತಿ, ಸುಣ್ಣ, ಕಾಫಿ ಗಿಡಕ್ಕೆ ಹೊಡೆಯುವ ತುತ್ತ. ಅಂಗಡಿಯ ಬೋರ್ಡಿನಲ್ಲಿ ಅವನ ಹೆಸರೇ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. 'ರೈಟರ ಅಂಗಡಿ' ಎಂದರೆ ಸುತ್ತ ಎಂಟು ಊರಿಗೆ ಗೊತ್ತು. ಜನ ಸಾಮಾನಿಗೆ ಬಂದಷ್ಟೇ ಕಾಗದ ಓದಿಸುವುದಕ್ಕೂ ಬರುತ್ತಿದ್ದರು. ಕೋರ್ಟಿನ ಕಾಗದ, ಕಾಫಿ ಡಿಪೋದ ಕಾಗದ, ಸೈನ್ಯದ ಪಟಾಲಮಿನ ಕಾಗದ, ಎಲ್ಲ ಇಂಗ್ಲಿಷಿನವು. ಬೋಜಪ್ಪ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ.

ಈಗ ಒಂದು ನಿಜ ಹೇಳಿಬಿಡಬೇಕು, ಯಾಕೆಂದರೆ ಈ ಕತೆ ನಿಂತಿರುವುದೇ ಅದರ ಮೇಲೆ. ಬೋಜಪ್ಪನ ಇಂಗ್ಲಿಷು ಹಾಜರಿ ಪುಸ್ತಕದ ಇಂಗ್ಲಿಷು. ವೀಡಿಂಗ್, ಪ್ರೂನಿಂಗ್, ಪಿಕಿಂಗ್, ಪ್ರೆಸೆಂಟ್, ಆಬ್ಸೆಂಟ್, ತಿಂಗಳ ಹೆಸರು, ಅಂಕಿ. ಅದರಾಚೆಗಿನದನ್ನು ಅವನು ಅರ್ಧ ಓದಿ ಅರ್ಧ ಊಹಿಸುತ್ತಿದ್ದ. ಕಾಗದ ತಂದವರ ಮುಖ ನೋಡಿದರೆ ಅದರಲ್ಲಿ ಏನಿರಬಹುದು ಎಂದು ತಿಳಿಯುವ ಬುದ್ಧಿ ಅವನಿಗಿತ್ತು, ಊಹೆ ಬಹಳ ಸಲ ಸರಿಯಾಗುತ್ತಿತ್ತು. ಈ ಗುಟ್ಟು ಅವನ ಹೆಂಡತಿ ಬೊಳ್ಳಮ್ಮನಿಗೆ ಮಾತ್ರ ಗೊತ್ತು. ಅವಳು ಅದನ್ನು ಎಂದೂ ಆಡಿ ತೋರಿಸಲಿಲ್ಲ. ಆದರೆ ಅವಳು ಆಡುವುದಿಲ್ಲವಲ್ಲ ಎಂಬುದೇ ಬೋಜಪ್ಪನಿಗೆ ಒಂದು ಅನುಮಾನ.

ಕೊಡಗು ಮೈಸೂರಿಗೆ ಸೇರಿ ಒಂದೂವರೆ ವರ್ಷವಾಗುತ್ತ ಬಂದಿತ್ತು. ಆ ಬೇಸಿಗೆಯ ಮೊದಲಲ್ಲಿ ಮದರಾಸಿನ ಒಂದು ಕಂಪನಿಯ ನಾಗರಾಜು ಎಂಬುವನು ಬಸ್ಸಿಳಿದು ಬಂದ. ಮೈಸೂರಿನವನು, ಟೈ ಕಟ್ಟಿದವನು, ಮಾತು ಬೆಣ್ಣೆಯಂಥದು. ಅವನ ಕಂಪನಿ ತುತ್ತ-ಸುಣ್ಣ ಹೊಡೆಯುವ ಪಂಪು ಮಾಡುತ್ತದೆ. ದೊಡ್ಡ ಎಸ್ಟೇಟುಗಳಿಗೆಲ್ಲ ಮುಟ್ಟಿದೆ, ಇನ್ನು ಎರಡು ಮೂರು ಎಕರೆ ಕಾಫಿಯವರಿಗೆ ಮುಟ್ಟಬೇಕು. ಬೋಜಪ್ಪನನ್ನು ಏಜೆಂಟ್ ಮಾಡುತ್ತಾರೆ, ಇಪ್ಪತ್ತು ಪಂಪು ಕಳಿಸುತ್ತಾರೆ. ಮಳೆಗೆ ಮೊದಲು ಅರ್ಧವಾದರೂ ಹೋಗದಿದ್ದರೆ ಪಂಪೂ ವಾಪಸು, ಏಜೆನ್ಸಿಯೂ ವಾಪಸು. ಸಂತೆಯಲ್ಲಿ ಹಂಚಲು ಒಂದು ಸಾವಿರ ನೋಟೀಸು ಹಾಕಿಸಬೇಕು, ಅಚ್ಚಿನ ಖರ್ಚಿನಲ್ಲಿ ಅರ್ಧ ಕಂಪನಿಯದು. ಆದರೆ ಕಂಪನಿ ಬರೆದುಕೊಟ್ಟದ್ದನ್ನು ಒಂದಕ್ಷರ ಬದಲಿಸದೆ ಹಾಕಬೇಕು, ಕಂಪನಿ ಕೊಟ್ಟ ಚಿತ್ರದ ಬ್ಲಾಕನ್ನೂ ಹಾಕಬೇಕು. ಬರಹ ಎರಡಿವೆ, ಇಂಗ್ಲಿಷಿನದೊಂದು, ಕನ್ನಡದ್ದೊಂದು. ಖರ್ಚು ಕೊಡುವುದು ಒಂದಕ್ಕೆ ಮಾತ್ರ.

"ಕನ್ನಡದ್ದೇ ಹಾಕ್ಸಿ ಬೋಜಪ್ಪನವ್ರೇ," ಎಂದ ನಾಗರಾಜು. "ಸಣ್ಣ ರೈತ್ರಿಗೆ ಇಂಗ್ಲಿಷು ಯಾಕೆ?"

ಮಾತು ನೆಟ್ಟಗಿತ್ತು. ನೆಟ್ಟಗಿದ್ದುದರಿಂದಲೇ ಬೋಜಪ್ಪನಿಗೆ ಅದು ಹಿಡಿಸಲಿಲ್ಲ. ಮೈಸೂರಿನವನು ಕನ್ನಡ ಹಾಕು ಎನ್ನದೆ ಇನ್ನೇನು ಎನ್ನುತ್ತಾನೆ? ತಾಲೂಕು ಕಚೇರಿಗೆ ಮೈಸೂರು ಕಡೆಯ ಗುಮಾಸ್ತರು ಬಂದರು, ಈಗ ಪಂಪಿನ ಹಿಂದೆಯೂ ಬಂದರು. ಕಂಪನಿಯ ಕನ್ನಡ ಬರಹವನ್ನು ಓದಿ ನೋಡಿದ. 'ಶಿಲೀಂಧ್ರ ನಿವಾರಕ ಸಿಂಚನ ಯಂತ್ರ' ಎಂದಿತ್ತು. ಮದರಾಸಿನಲ್ಲಿ ಕೂತು ಯಾರೋ ಪಂಡಿತರು ಬರೆದದ್ದಿರಬೇಕು. ಕನ್ನಡ ಶಾಲೆಯಲ್ಲಿ ಕಲಿತ ಬೋಜಪ್ಪನಿಗೇ ಅದು ಪಂಪು ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸರ್ಕಾರದ ಪ್ರಕಟಣೆಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ವಿರಾಜಪೇಟೆಗೆ ಹೋಗಿ ಪ್ರೆಸ್ಸಿನ ಪೊನ್ನಪ್ಪನನ್ನು ಕೇಳಿದ. ಪೊನ್ನಪ್ಪ ಎರಡೂ ಬರಹ ನೋಡಿ, ಇಂಗ್ಲಿಷಿನದೇ ಹಾಕಿಸು, ನಾಡಿದ್ದು ಬಂದು ತೆಗೆದುಕೊಂಡು ಹೋಗು ಎಂದ. ಕನ್ನಡದ್ದಾದರೆ ಎಂಟು ದಿನ, ಮಜೂರಿಯೂ ಒಂದೂವರೆ ಪಟ್ಟು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಅದರ ದೊಡ್ಡದು ಚಿಕ್ಕದು, ಮುಗಿಯಿತು. ಕನ್ನಡಕ್ಕೆ ಒತ್ತು ಬೇರೆ, ಗುಣಿತ ಬೇರೆ, ಅಚ್ಚಿನ ಮೊಳೆ ಜೋಡಿಸುವವನ ಕಣ್ಣು ಹೋಗುತ್ತದೆ. ಅವನಲ್ಲಿದ್ದ ಕನ್ನಡದ ಮೊಳೆಗಳೋ ಸವೆದವು, ಕೆಲವು ಒತ್ತಕ್ಷರ ಮೈಸೂರಿನಿಂದ ತರಿಸಬೇಕು. ಇಂಗ್ಲಿಷಿನ ಮೊಳೆ ಮಾತ್ರ ಹೊಸವು, ಎಸ್ಟೇಟಿನವರ ಲೆಟರ್‌ಹೆಡ್ಡಿಗೆಂದು ತರಿಸಿದ್ದವು. ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ ಹೇಳಿ, ಅಲ್ಲದೆ ಇಂಗ್ಲಿಷಿಗೆ ಬೇರೆಯೇ ಒಂದು ತೂಕ ಎಂದು ಕೊನೆಗೆ ಸೇರಿಸಿದ. ಇವನು ತನ್ನ ಮೊಳೆಗಳ ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದಾನೆ ಎಂದು ಬೋಜಪ್ಪನಿಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳೂ ಅಲ್ಲ.

ಇಬ್ಬರ ಮೇಲೂ ಅನುಮಾನವಾದ ಮೇಲೆ ಮನುಷ್ಯ ಯಾರ ಮಾತು ಕೇಳಬೇಕು? ತನ್ನ ಮಾತು. ಬೋಜಪ್ಪನಿಗೆ ತನ್ನ ಮೇಲೆ ಅನುಮಾನ ಪಡುವ ಅಭ್ಯಾಸವೊಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ, ಇಂಗ್ಲಿಷಿನಲ್ಲಿದ್ದರೆ ಅಸಲಿ ಮಾಲು, ಕನ್ನಡದಲ್ಲಿದ್ದರೆ ಇಲ್ಲೇ ಎಲ್ಲೋ ತಟ್ಟಿದ ನಕಲಿ, ಜನ ಹಾಗೆ ತಿಳಿಯುತ್ತಾರೆ ಎಂದು ಬೊಳ್ಳಮ್ಮನಿಗೆ ವಿವರಿಸಿದ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ರೈಟರ ಅಂಗಡಿಯ ನೋಟೀಸು ಕನ್ನಡದಲ್ಲಿ ಬಂದರೆ, ರೈಟರಿಗೆ ಇಂಗ್ಲಿಷು ಬರುವುದಿಲ್ಲವೇನೋ ಎಂದು ಯಾರಾದರೂ ಅಂದುಕೊಂಡರೆ? ಬೊಳ್ಳಮ್ಮ ಅಕ್ಕಿ ಆರಿಸುತ್ತ, ಇದರಲ್ಲಿ ಎಂತ ಬರೆದಿದೆ ಎಂದು ಕೇಳಿದಳು. ಪಂಪಿನ ವಿಚಾರ ಎಂದ. ಅಷ್ಟು ಉದ್ದಕ್ಕೂ ಪಂಪಿನ ವಿಚಾರವೇ ಉಂಟಾ ಎಂದಳು. ಅವನು ಸಿಟ್ಟು ಮಾಡಿಕೊಂಡು ಎದ್ದು ಹೋದ.

ಸಂತೆಯ ದಿನ ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಹಂಚಿಸಿದ. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಒಂದೊಂದು ಕಟ್ಟು ಕೊಟ್ಟ. ಕಾಗದವನ್ನು ಯಾರೂ ಬಿಸಾಡಲಿಲ್ಲ, ವೀಳ್ಯದೆಲೆಗೂ ಸುತ್ತಲಿಲ್ಲ, ನೆಲಕ್ಕೆ ಬಿದ್ದದ್ದೂ ಒಂದಿಲ್ಲ. ಎಲ್ಲರೂ ಎರಡು ಕೈಯಲ್ಲಿ ಹಿಡಿದು ನೋಡಿ, ಮಡಚಿ, ಒಳಜೇಬಿಗೆ ಇಟ್ಟುಕೊಂಡರು. ಬೋಜಪ್ಪ ಅಂಗಡಿಯ ಬಾಗಿಲಲ್ಲಿ ನಿಂತು ಅದನ್ನು ನೋಡಿ ಉಬ್ಬಿದ.

ಒಂದು ವಾರ ಒಂದು ಪಂಪೂ ಹೋಗಲಿಲ್ಲ. ಎರಡನೆಯ ವಾರ ಗುದ್ದಲಿಗೂ ಯಾರೂ ಬರಲಿಲ್ಲ. ಕಾಗದ ಓದಿಸುವವರೂ ನಿಂತರು. ಎದುರು ಸಿಕ್ಕವರು ರಸ್ತೆಯ ಆಚೆ ಬದಿಗೆ ದಾಟಿ ಹೋದರು. ಬೋಜಪ್ಪ ಮೊದಲು ವಿರಾಜಪೇಟೆಯ ದೊಡ್ಡ ಅಂಗಡಿಯವನ ಮೇಲೆ ಅನುಮಾನಪಟ್ಟ, ಅವನೇ ಏನೋ ಹಬ್ಬಿಸಿರಬೇಕು. ಆಮೇಲೆ ನಾಗರಾಜುವಿನ ಮೇಲೆ, ಕನ್ನಡ ಹಾಕಿಸಲಿಲ್ಲವೆಂಬ ಸೇಡು. ಆಮೇಲೆ ಪೊನ್ನಪ್ಪನ ಮೇಲೆ, ಅಚ್ಚಿನಲ್ಲಿ ಏನಾದರೂ ಕೆಟ್ಟ ಮಾತು ಸೇರಿಸಿದನೋ ಏನೋ. ಉಳಿದಿದ್ದ ಒಂದು ನೋಟೀಸನ್ನು ಕಂಪನಿಯ ಬರಹದ ಪಕ್ಕ ಇಟ್ಟು ಅಕ್ಷರ ಅಕ್ಷರ ಸರಿನೋಡಿದ. ಒಂದಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ. ಸರಿನೋಡುವುದಕ್ಕೆ ಅರ್ಥ ಬೇಕಿರಲಿಲ್ಲವಲ್ಲ, ಅದೊಂದು ಪುಣ್ಯ.

ಕೊನೆಗೆ ತಡೆಯಲಾರದೆ ಕುಟ್ಟಪ್ಪನ ಮನೆಗೆ ಹೋದ. ಕುಟ್ಟಪ್ಪನಿಗೆ ಬೋಜಪ್ಪನಿಗಿಂತ ಐದಾರು ವರ್ಷ ಹೆಚ್ಚು, ನಾಲ್ಕೆಕರೆ ಕಾಫಿ, ಗದ್ದೆ. ಆ ಕಡೆ ಅವನು ಒಂದು ಪಂಪು ಕೊಂಡರೆ ಹತ್ತು ಜನ ಕೊಳ್ಳುತ್ತಾರೆ. ಕುಟ್ಟಪ್ಪ ಜಗಲಿಯಲ್ಲೇ ಕೂರಿಸಿದ. ಕಾಫಿ ಬಂತು. ಬೋಜಪ್ಪ ಸುಮ್ಮನೆ ಗೋಡೆ ನೋಡಿದ. ಕೋವಿ ನೇತುಹಾಕುವ ಎರಡು ಗೂಟ ಖಾಲಿ ಇದ್ದವು. ಅಪ್ಪನ ಕಾಲದಿಂದ ಅಲ್ಲೇ ಇದ್ದ ಕೋವಿ. ಗೋಡೆಯ ಮೇಲೆ ಅದರ ಉದ್ದಕ್ಕೂ ಸುಣ್ಣ ಬೆಳ್ಳಗೆ ಉಳಿದಿತ್ತು.

"ಬರ್ಕೊಂಡ್ ಹೋಗಿಕೆ ಬಂದದಾ?" ಎಂದು ಕುಟ್ಟಪ್ಪ ಮೆಲ್ಲಗೆ ಕೇಳಿದ. "ಬರ್ಕೋ. ಇಲ್ಲಿ ಕೋವಿ ಇಲ್ಲೆ."

ಬೋಜಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಕುಟ್ಟಪ್ಪ ಒಳಗಿನಿಂದ ಆ ನೋಟೀಸು ತಂದು ಮುಂದಿಟ್ಟ. ಆಗ ಬೋಜಪ್ಪ ಅದನ್ನು ಮೊದಲ ಸಲ ಕುಟ್ಟಪ್ಪನ ಕಣ್ಣಿನಿಂದ ನೋಡಿದ. ಬ್ಲಾಕಿಗೆ ಮಸಿ ಹೆಚ್ಚಾಗಿ ಚಿತ್ರ ಕಪ್ಪಾಗಿತ್ತು. ಟೋಪಿ ಹಾಕಿದ ಒಬ್ಬ ಮನುಷ್ಯ, ಅವನ ಹೆಗಲ ಮೇಲೆ ಮದ್ದು ಹೊಡೆಯುವ ಉದ್ದನೆಯ ನಳಿಗೆ, ಕಾಲ ಬುಡದಲ್ಲಿ ಪಂಪಿನ ತೊಟ್ಟಿ. ಯಾರು ನೋಡಿದರೂ ಅದು ಕೋವಿ ಹೊತ್ತವನು ಹಂದಿ ಹೊಡೆದು ಅದರ ಪಕ್ಕ ನಿಂತಂತೆಯೇ ಇತ್ತು. ಸುತ್ತ ಇಂಗ್ಲಿಷು. ಕೆಳಗೆ ಶಾಲೆ ಮಕ್ಕಳೂ ಕೂಡಿಸಿ ಓದಬಹುದಾದ ಮೂರು ಮಾತು: ಬೋಜಪ್ಪ, ಏಜೆಂಟ್, ನಾಪೋಕ್ಲು.

ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮ ಭೂಮಿ ಇದ್ದವನ ಕೋವಿಗೆ ಲೈಸೆನ್ಸು ಬೇಡ, ಅದು ಬ್ರಿಟಿಷರ ಕಾಲದಿಂದ ಬಂದ ಮರ್ಯಾದೆ. ಮೈಸೂರಿಗೆ ಸೇರಿದ ಮೇಲೆ ಆ ಮರ್ಯಾದೆ ಹೋಗುತ್ತದೆ, ಕೋವಿ ಎಣಿಸುತ್ತಾರೆ ಎಂದು ಸಂತೆಯಲ್ಲಿ, ಮದುವೆ ಮನೆಯಲ್ಲಿ ಆಗಲೇ ಗುಸುಗುಸು ಇತ್ತು. ಯಾರೂ ಕಂಡದ್ದಿಲ್ಲ, ಎಲ್ಲರೂ ಕೇಳಿದ್ದು. ಇಂಗ್ಲಿಷಿನ ಕಾಗದ ಮನೆಗೆ ಬಂದರೆ ಅದು ಕೋರ್ಟಿನದೋ ಕಚೇರಿಯದೋ ಆಗಿರಲೇಬೇಕು, ಅಂಗಡಿಯವನು ಸಾಮಾನು ಮಾರುವುದಕ್ಕೆ ಇಂಗ್ಲಿಷು ಬರೆಸುತ್ತಾನೆಯೇ? ಹಾಗಾಗಿ ಊರು ಕೂಡಿ ತೀರ್ಮಾನಿಸಿಬಿಟ್ಟಿತ್ತು. ಕೋವಿ ಇದ್ದವರು ಹೆಸರು ಬರೆಸಬೇಕಂತೆ, ಬರೆದುಕೊಳ್ಳುವ ಏಜೆಂಟು ಬೋಜಪ್ಪನಂತೆ. ಮೊದಲೇ ದೊರೆಯ ಹಾಜರಿ ಬರೆದವನು, ಈಗ ಸರ್ಕಾರದ ಹಾಜರಿ ಬರೆಯುತ್ತಾನೆ. ಕೋವಿಗಳೆಲ್ಲ ಭತ್ತದ ಕಣಜ ಸೇರಿದ್ದವು.

ಅದು ಪಂಪಿನ ಚಿತ್ರ ಎಂದು ಬೋಜಪ್ಪ ಹೇಳಿದ. ಹೌದು ಹೌದು, ಪಂಪೇ ಎಂದು ಕುಟ್ಟಪ್ಪ ಒಪ್ಪಿಕೊಂಡ. ಆ ಒಪ್ಪಿಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಇಪ್ಪತ್ತೆರಡು ವರ್ಷ ಆಳುಗಳನ್ನು ತಾನು ನೋಡುತ್ತಿದ್ದ ರೀತಿಯಲ್ಲೇ ಆ ಮನುಷ್ಯ ತನ್ನನ್ನು ನೋಡಿದ್ದು ಎಂದು ಬೋಜಪ್ಪನಿಗೆ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಅವನಿಗೆ ಅಳು ಬರುವಷ್ಟು ಅವಮಾನವಾಯಿತು.

ಮನೆಗೆ ಬಂದವನೇ ಕನ್ನಡದ ನೋಟೀಸು ಹಾಕಿಸುತ್ತೇನೆ, ಕಂಪನಿ ಅರ್ಧ ಕೊಡದಿದ್ದರೆ ಅಷ್ಟೇ ಹೋಯಿತು ಎಂದ. ಕಂಪನಿಯ ಕನ್ನಡವನ್ನು ಬೊಳ್ಳಮ್ಮನಿಗೆ ಓದಿ ಹೇಳಿದ. ಅವಳು ಮೂರನೆಯ ಕ್ಲಾಸಿನವರೆಗೆ ಕಲಿತವಳು. ಎರಡು ಸಾಲು ಕೇಳಿ, ಇದನ್ನು ಹಂಚಿದರೆ ಕೋವಿಯ ಜತೆ ಕತ್ತಿಯನ್ನೂ ಬಚ್ಚಿಡುತ್ತಾರೆ ಎಂದಳು. ಕನ್ನಡ ಎಂದ ಮಾತ್ರಕ್ಕೆ ಆಗಲಿಲ್ಲ, ಈಚೆಗೆ ಕಚೇರಿಯ ಹೆದರಿಕೆಯೂ ಅದೇ ಕನ್ನಡದಲ್ಲಿ ಬರುತ್ತಿತ್ತು.

ಹಾಗಾದರೆ ನಾವು ಗೌಡರು ಮನೆಯಲ್ಲಿ ಆಡುವ ಅರೆಭಾಷೆಯಲ್ಲೇ ಹಾಕಿಸಲೇ ಎಂದು ಯೋಚಿಸಿದ. ಅದನ್ನು ಅಚ್ಚಿನಲ್ಲಿ ಕಂಡವರೇ ಇಲ್ಲ, ತಮಾಷೆ ಎಂದುಕೊಳ್ಳುತ್ತಾರೆ. ಕೊಡವರು ಇದು ಗೌಡರಿಗೆ ಮಾತ್ರ ಎನ್ನುತ್ತಾರೆ, ಮಲಯಾಳ ಆಡುವ ಮಾಪಿಳ್ಳೆಗಳಿಗೆ ಅದು ತಿಳಿಯುವುದೇ ಇಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾದರೂ ಶಾಲೆಯಲ್ಲಿ ಎಲ್ಲರೂ ತಿದ್ದಿದ್ದು ಕನ್ನಡವನ್ನೇ. ಸಂತೆಯಲ್ಲಿ ಚೌಕಾಶಿ ಮಾಡುವುದೂ ಅದರಲ್ಲೇ. ಆ ಸಂತೆಯ ಕನ್ನಡವನ್ನು ಬರೆಯಬೇಕು. ಎರಡು ಸಂಜೆ ಬರೆದ, ಹೊಡೆದುಹಾಕಿದ. ನೀನು ಅಂಗಡಿಯ ಬಾಗಿಲಲ್ಲಿ ನಿಂತು ಹೇಳುವುದನ್ನೇ ಬರಿ ಎಂದು ಬೊಳ್ಳಮ್ಮ ಒಳಗಿನಿಂದ ಹೇಳಿದಳು. ಕೊನೆಗೆ ಆದದ್ದು ಇಷ್ಟು:

'ನಾಪೋಕ್ಲಿನ ಬೋಜಪ್ಪ ಬರೆದದ್ದು. ಇದು ಸರ್ಕಾರದ ಕಾಗದ ಅಲ್ಲ. ಕೋವಿಯ ವಿಚಾರವೂ ಅಲ್ಲ. ಕಾಫಿ ಗಿಡಕ್ಕೆ ತುತ್ತ ಸುಣ್ಣ ಹೊಡೆಯುವ ಪಂಪು ನನ್ನ ಅಂಗಡಿಗೆ ಬಂದಿದೆ. ಮಳೆ ಹಿಡಿಯುವ ಮೊದಲು ಎಲೆಯ ಅಡಿಗೆ ಹೊಡೆದರೆ ತುಕ್ಕು ರೋಗ ಹತೋಟಿಗೆ ಬರುತ್ತದೆ, ಎಲೆ ಉದುರುವುದು ಕಡಿಮೆ. ಸಂತೆಯ ದಿನ ಬನ್ನಿ. ನೀರು ತುಂಬಿಸಿ ನೀವೇ ಹೊಡೆದು ನೋಡಿ. ಬೇಕೆನಿಸಿದರೆ ಕೊಳ್ಳಿ.'

ಚಿತ್ರ ಬೇಡ ಎಂದ. ಪೊನ್ನಪ್ಪ ಓದಿ, ಇದಕ್ಕಾದರೆ ನನ್ನಲ್ಲಿರುವ ಮೊಳೆ ಸಾಕು, ಆ ಶಿಲೀಂಧ್ರವೊಂದು ಇಲ್ಲವಲ್ಲ ಎಂದು ಮೂರೇ ದಿನದಲ್ಲಿ ಕೊಟ್ಟ. ಮಜೂರಿ ಮಾತ್ರ ಒಂದೂವರೆ ಪಟ್ಟೇ ತೆಗೆದುಕೊಂಡ. ಬೋಜಪ್ಪ ಅಲ್ಲೇ ನಿಂತು ಕಟ್ಟು ಬಿಚ್ಚಿ ಎಣಿಸಿದ. ಹತ್ತು ಹೆಚ್ಚೇ ಇದ್ದವು. ಯಾಕೆ ಹೆಚ್ಚು ಕೊಟ್ಟ ಎಂದು ಬಸ್ಸಿನುದ್ದಕ್ಕೂ ಯೋಚಿಸಿದ.

ಈ ನೋಟೀಸನ್ನು ಜನ ಜೇಬಿಗಿಡಲಿಲ್ಲ. ನಿಂತಲ್ಲೇ ಓದಿದರು, ಓದು ಬಾರದವರಿಗೆ ಬಂದವರು ಓದಿ ಹೇಳಿದರು. ಕೋವಿಯ ಸಾಲು ಬಂದಾಗ ನಕ್ಕರು. ಎಷ್ಟೋ ನೋಟೀಸು ಅರ್ಧ ಗಂಟೆಯಲ್ಲಿ ನೆಲಕ್ಕೂ ಬಿದ್ದವು, ಒಂದರಲ್ಲಿ ಒಬ್ಬಾಕೆ ಒಣಮೀನು ಕಟ್ಟಿಸಿಕೊಂಡಳು. ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯ ಮುಂದೆ ಮೂವತ್ತು ಜನ ಸೇರಿದ್ದರು. ಬೋಜಪ್ಪ ತೊಟ್ಟಿಗೆ ನೀರು ತುಂಬಿಸಿ, ಒತ್ತಿ, ಎದುರಿನ ಹಲಸಿನ ಮರದ ಕೊಂಬೆಗೆ ಹೊಡೆದು ತೋರಿಸಿದ. ಒಬ್ಬಿಬ್ಬರು ತಾವೂ ಹೊಡೆದು ನೋಡಿದರು. ಆದರೆ ಯಾರೂ ಬೆಲೆ ಕೇಳಲಿಲ್ಲ. ಎಲ್ಲರೂ ಕುಟ್ಟಪ್ಪನ ಮುಖ ನೋಡುತ್ತಿದ್ದರು.

ಕುಟ್ಟಪ್ಪ ಮುಂದೆ ಬಂದ. ಒಂದು ಕೈಯಲ್ಲಿ ಕನ್ನಡದ ನೋಟೀಸು, ಇನ್ನೊಂದರಲ್ಲಿ ಇಂಗ್ಲಿಷಿನದು.

"ಇದ್ ನೀನೇ ಬರ್ದದಾ, ಬೋಜಪ್ಪ?"

"ನಾನೇ ಬರ್ದದ್, ಕುಟ್ಟಪ್ಪಣ್ಣ."

"ಸರಿ. ಹಂಗಾರೆ ಈ ಇಂಗ್ಲಿಷ್‌ದನ್ನೂ ಓದಿ ಹೇಳ್. ಎರಡೂ ಒಂದೇನಾ ಅಂತ ನಂಗೂ ಗೊತ್ತಾಗಲಿ."

ಬೋಜಪ್ಪ ಕನ್ನಡಕ ಏರಿಸಿದ, ಕಾಗದವನ್ನು ಬೆಳಕಿಗೆ ಹಿಡಿದ, ಗಂಟಲು ಸರಿಮಾಡಿಕೊಂಡ. ಮೊದಲ ಸಾಲಿನಲ್ಲಿ ಕಾಫಿ ಇತ್ತು, ಎಸ್ಟೇಟ್ ಇತ್ತು. ಎರಡನೆಯದರಲ್ಲಿ ಉದ್ದುದ್ದ ಮಾತುಗಳು ಸಾಲಾಗಿ ಕೂತಿದ್ದವು. ಏನಾದರೂ ಹೇಳಿ ಪಾರಾಗುವುದು ಅವನಿಗೆ ಕಷ್ಟವೇನಲ್ಲ, ಎಷ್ಟೋ ವರ್ಷದ ವಿದ್ಯೆ. ಆದರೆ ಈ ಕಾಗದ ಪ್ರತಿ ಮನೆಯಲ್ಲೂ ಇದೆ. ಯಾರಾದರೂ ನಾಳೆ, ಹೋದ ವಾರವಷ್ಟೇ ಶಾಲೆಗೆ ವರ್ಗವಾಗಿ ಬಂದ, ಇಂಗ್ಲಿಷು ಬಲ್ಲ ಸಾಂತಪ್ಪ ಮೇಷ್ಟ್ರ ಹತ್ತಿರ ಓದಿಸಿ, ಒಂದು ಮಾತು ಹೆಚ್ಚು ಕಡಿಮೆಯಾದರೆ, ಬೋಜಪ್ಪ ಬಚ್ಚಿಟ್ಟದ್ದು ಇದನ್ನೇ ಎಂದುಬಿಡುತ್ತಾರೆ. ಆಮೇಲೆ ಕನ್ನಡದ್ದನ್ನೂ ನಂಬುವುದಿಲ್ಲ. ಅವನು ಕನ್ನಡಕ ತೆಗೆದ.

"ಅರ್ಧ ಗೊತ್ತುಟ್ಟು," ಎಂದ. "ಇನ್ನರ್ಧ ನಂಗೂ ಗೊತ್ತಿಲ್ಲೆ, ಕುಟ್ಟಪ್ಪಣ್ಣ. ಗೊತ್ತಿಲ್ಲದೇ ಅಚ್ಚು ಹಾಕಿಸಿದೆ."

ಹಿಂದೆ ಯಾರೋ ಕಿಸಕ್ಕೆಂದರು, ನಗು ಮುಂದಕ್ಕೂ ಬಂತು. ಕುಟ್ಟಪ್ಪ ಮಾತ್ರ ನಗಲಿಲ್ಲ. ಬೋಜಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ತನ್ನ ಮಾನ ತಾನೇ ಕಳೆದುಕೊಂಡು ಯಾರೂ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ತೋರಿರಬೇಕು. ಇಂಗ್ಲಿಷಿನ ನೋಟೀಸನ್ನು ಮುದುಡಿ ಚರಂಡಿಗೆ ಹಾಕಿ, ಪಂಪಿನ ಬೆಲೆ ಕೇಳಿದ.

ಅಲ್ಲಿಗೆ ಕಟ್ಟೆ ಒಡೆಯಿತು. ಮಧ್ಯಾಹ್ನದೊಳಗೆ ಏಳು ಪಂಪು ಹೋದವು, ನಾಲ್ಕು ಜನ ಮುಂದಿನ ಸಂತೆಗೆ ಇಟ್ಟಿರು ಎಂದು ಹೇಳಿ ಹೋದರು. ಬೊಳ್ಳಮ್ಮ ಮನೆಯಿಂದ ಬಂದು ತುತ್ತ ತೂಗಲು ನಿಂತಳು. ಏಜೆನ್ಸಿ ಉಳಿಯಿತು ಎಂದು ಅವಳು ಮೆಲ್ಲಗೆ ಹೇಳಿದಾಗ ಬೋಜಪ್ಪನಿಗೆ ಅವಳ ಮೇಲೆ ಯಾವ ಅನುಮಾನವೂ ಬರಲಿಲ್ಲ.

ಕುಟ್ಟಪ್ಪ ಪಂಪನ್ನು ಹೆಗಲಿಗೇರಿಸಿ ಹೊರಟವನು ಬಾಗಿಲಲ್ಲಿ ನಿಂತ.

"ಹೋದ ವರ್ಷ ನನ್ನ ತಮ್ಮನ ಪಟಾಲಮಿಂದ ಒಂದ್ ಕಾಗದ ಬಂದಿತ್ತ್," ಎಂದ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಅಂವ ಹುಷಾರುಟ್ಟು, ರಜೆ ಮಾತ್ರ ಸಿಕ್ಕಿತ್‌ಲೆ ಅಂತ ನೀ ಓದಿ ಹೇಳ್ದೆ. ಅದೂ ಅರ್ಧನಾ?"

ಆ ಕಾಗದ ಬೋಜಪ್ಪನಿಗೆ ನೆನಪಿತ್ತು, ಕುಟ್ಟಪ್ಪನ ಮುಖವೂ ನೆನಪಿತ್ತು. ಓದಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಎಷ್ಟು ಯೋಚಿಸಿದರೂ ಬೇರೆಯಾಗಲಿಲ್ಲ. ಕುಟ್ಟಪ್ಪ ಪಂಪನ್ನು ಜಗಲಿಯ ಮೇಲೆ ಇಳಿಸಿ, ಇದು ಇಲ್ಲೇ ಇರಲಿ, ಬರುವಾಗ ತೆಗೆದುಕೊಂಡು ಹೋಗುತ್ತೇನೆ ಎಂದು ಬೊಳ್ಳಮ್ಮನಿಗೆ ಹೇಳಿದ. ಆ ಕಾಗದ ತರಲು ಅವನು ಮನೆಯ ಕಡೆ ಬಿರಬಿರನೆ ನಡೆದ. ಅಲ್ಲಿಂದ ಅವನು ಸಾಂತಪ್ಪ ಮೇಷ್ಟ್ರ ಬಳಿಗೆ ಹೋಗುವುದು ಎಂದು ಎಲ್ಲರಿಗೂ ಗೊತ್ತಿತ್ತು.

ಪಂಪು ಕೊಳ್ಳಲು ನಿಂತಿದ್ದವರಲ್ಲಿ, ಹಿಂದೆ ಬೋಜಪ್ಪನ ಹತ್ತಿರ ಕಾಗದ ಓದಿಸಿದ್ದ ಇನ್ನಿಬ್ಬರು, ಹಣ ಕೊಟ್ಟು ಸಾಮಾನು ತೆಗೆದುಕೊಂಡ ಮೇಲೆ, ಅವನ ಹಿಂದೆಯೇ ಹೋದರು. ಮುಂದಿನವನು ಪಂಪಿನ ಬೆಲೆ ಕೇಳಿದ. ಬೋಜಪ್ಪ ಹೇಳಿದ. ಅವನ ಕಣ್ಣು ಮಾತ್ರ ರಸ್ತೆಯ ಮೇಲೆಯೇ ಇತ್ತು.